ಮನೆಯ ವಿಡಿಯೊ ಕುಗ್ಗಿಸಲು, ಕತ್ತರಿಸಲು ಎಲ್ಲಿಗೆ ಕೊಡಬೇಕು? ನಾಲ್ಕು ದಾರಿಗಳ ಹೋಲಿಕೆ

ಮಗುವಿನ ಮೊದಲ ಹುಟ್ಟುಹಬ್ಬವನ್ನು ಫೋನಿನಲ್ಲಿ ಹನ್ನೆರಡು ನಿಮಿಷ ಚಿತ್ರೀಕರಿಸಿದ್ದೀರಿ ಎಂದುಕೊಳ್ಳಿ, ಅದೂ 4ಕೆ ಗುಣಮಟ್ಟದಲ್ಲಿ. ಐಫೋನಿನ ಸೆಟ್ಟಿಂಗಿನಲ್ಲೇ ಬರೆದಿರುವ ಲೆಕ್ಕದಂತೆ ಸೆಕೆಂಡಿಗೆ 30 ಫ್ರೇಮಿನ 4ಕೆ ವಿಡಿಯೊ ನಿಮಿಷಕ್ಕೆ ಸುಮಾರು 170 ಎಂಬಿ ಜಾಗ ತಿನ್ನುತ್ತದೆ. ಅಂದರೆ ಫೈಲು ಹೆಚ್ಚುಕಡಿಮೆ 2 ಜಿಬಿ. ನೆಂಟರಿಗೆ ಕಳಿಸಬೇಕಾದ್ದು ಕೇಕ್ ಕತ್ತರಿಸುವ ಮೂರು ನಿಮಿಷ ಮಾತ್ರ. ಹುಡುಕಿದರೆ ಮೊದಲು ಸಿಗುವುದು ‘ಫೈಲು ಇಲ್ಲಿ ಎಳೆದು ಹಾಕಿ, ಉಚಿತ, ಲಾಗಿನ್ ಬೇಡ’ ಎನ್ನುವ ಜಾಲತಾಣಗಳು.

ಎಳೆದು ಹಾಕುವ ಮೊದಲು ಆ ಫೈಲಿನೊಳಗೆ ಏನಿದೆ ಎಂದು ಒಮ್ಮೆ ನೋಡಿಬಿಡಿ. ಎಕ್ಸಿಫ್‌ಟೂಲ್ ಎಂಬ ಉಚಿತ ತಂತ್ರಾಂಶ ಹಾಕಿಕೊಂಡು ಕಂಪ್ಯೂಟರಿನ ಕಮಾಂಡ್ ಕಿಟಕಿಯಲ್ಲಿ ಹೀಗೆ ಕೇಳಬಹುದು:

```
exiftool -ee huttuhabba.mov
```

ಉದ್ದನೆಯ ಪಟ್ಟಿ ಬರುತ್ತದೆ. ಅದರಲ್ಲಿ ಕಣ್ಣಿಡಬೇಕಾದ ಸಾಲುಗಳು ಹೀಗಿರುತ್ತವೆ:

```
Create Date      : 2024:03:09 12:41:07
Model            : iPhone 13
GPS Coordinates  : 51 deg 28' 40.44" N, 0 deg 0' 5.40" W
```

ಇಲ್ಲಿ ಉದಾಹರಣೆಗೆಂದು ಗ್ರೀನಿಚ್ ವೀಕ್ಷಣಾಲಯದ ಜಾಗ ಹಾಕಿದ್ದೇನೆ. ನಿಮ್ಮ ಫೈಲಿನಲ್ಲಿ ಅದು ನಿಮ್ಮ ಮನೆ. ಫೋನಿಗೆ ಆಕಾಶ ಚೆನ್ನಾಗಿ ಕಂಡಿದ್ದರೆ ಈ ಅಂಕಿಗಳು ಕೆಲವೇ ಮೀಟರುಗಳ ಅಂತರದಲ್ಲಿ ಜಾಗ ತೋರಿಸುತ್ತವೆ, ಅಂದರೆ ಊರು, ಬೀದಿ ದಾಟಿ ಕಟ್ಟಡದವರೆಗೆ. ಇನ್ನು ಚಿತ್ರಕ್ಕೆ ಬನ್ನಿ. ಕೇಕಿನ ಮೇಲೆ ಮಗುವಿನ ಹೆಸರಿದೆ, ಅದರ ಮೇಲೆ ‘1’ ಆಕಾರದ ಮೇಣದ ಬತ್ತಿ. ಮೇಲಿನ ದಿನಾಂಕದಿಂದ ಒಂದು ವರ್ಷ ಕಳೆದರೆ ಹುಟ್ಟಿದ ದಿನ ಸಿಕ್ಕಿತು. ಹೆಸರು, ಹುಟ್ಟಿದ ದಿನ, ಮನೆಯ ಜಾಗ, ಅಪ್ಪ ಅಮ್ಮನ ಮುಖ ಮತ್ತು ದನಿ, ಎಲ್ಲವೂ ಒಂದೇ ಕಡತದಲ್ಲಿ. ಯಾರೂ ಹೀಗೆ ಅರ್ಜಿ ತುಂಬಿ ಅಪರಿಚಿತರಿಗೆ ಕೊಡುವುದಿಲ್ಲ. ಹಿನ್ನೆಲೆಯಲ್ಲಿ ಗೋಡೆಗೆ ಅಂಟಿಸಿದ ವೈಫೈ ಪಾಸ್‌ವರ್ಡ್, ಫ್ರಿಜ್ಜಿನ ಮೇಲಿನ ಔಷಧದ ಚೀಟಿ, ಅಕ್ಕನ ಸಮವಸ್ತ್ರದ ಮೇಲಿನ ಶಾಲೆಯ ಲಾಂಛನ ಇದ್ದರೆ ಅವೂ ಜೊತೆಗೆ ಹೋಗುತ್ತವೆ.

ಪಾಸ್‌ವರ್ಡ್ ಸೋರಿದರೆ ಬದಲಿಸಬಹುದು. ಮುಖ ಮತ್ತು ದನಿಗೆ ಆ ಅನುಕೂಲವಿಲ್ಲ. ದನಿಯ ವಿಷಯದಲ್ಲಂತೂ ನಾವು ಅಂದುಕೊಂಡಷ್ಟು ಉದ್ದದ ಧ್ವನಿಮುದ್ರಣ ಬೇಕಾಗಿಲ್ಲ: 2023ರ ಜನವರಿಯಲ್ಲಿ ಮೈಕ್ರೋಸಾಫ್ಟ್ ಸಂಶೋಧಕರು ಪ್ರಕಟಿಸಿದ ವ್ಯಾಲ್-ಇ ಮಾದರಿಗೆ ಒಬ್ಬರ ದನಿಯನ್ನು ಅನುಕರಿಸಲು ಮೂರು ಸೆಕೆಂಡಿನ ತುಣುಕು ಸಾಕಾಗಿತ್ತು.

ಮೊದಲು ಒಂದು ಪ್ರಶ್ನೆ: ಫೈಲು ಬಿಚ್ಚಿಕೊಳ್ಳುವುದು ಎಲ್ಲಿ?

ಯಾವ ತಾಣ ನಂಬಿಕಸ್ಥ, ಯಾವುದು ಅಲ್ಲ ಎಂಬ ಪಟ್ಟಿಗಳು ಬೇಕಾದಷ್ಟು ಸಿಗುತ್ತವೆ. ನನಗೆ ಅವುಗಳ ಮೇಲೆ ಅಷ್ಟಾಗಿ ನೆಚ್ಚಿಕೆಯಿಲ್ಲ. ಇಂದು ಒಳ್ಳೆಯ ಕೈಯಲ್ಲಿರುವ ತಾಣ ನಾಳೆ ಮಾರಾಟವಾಗಬಹುದು, ಷರತ್ತುಗಳು ರಾತ್ರೋರಾತ್ರಿ ಬದಲಾಗಬಹುದು. ಅದಕ್ಕಿಂತ ಗಟ್ಟಿಯಾದ ಅಳತೆ ಒಂದಿದೆ. ವಿಡಿಯೊವನ್ನು ಕುಗ್ಗಿಸಲಿ, ತಿರುಗಿಸಲಿ, ಉಪಶೀರ್ಷಿಕೆ ಹಾಕಲಿ, ಅದನ್ನು ಮೊದಲು ಬಿಚ್ಚಿ ಓದಲೇಬೇಕು. ಈ ಬಿಚ್ಚುವ ಕೆಲಸ ನಿಮ್ಮ ಯಂತ್ರದಲ್ಲಿ ನಡೆಯುತ್ತದೆಯೋ ಇನ್ನೊಬ್ಬರದರಲ್ಲೋ ಎಂಬುದೇ ಉಳಿದದ್ದನ್ನೆಲ್ಲ ತೀರ್ಮಾನಿಸುತ್ತದೆ.

‘ನಿಮ್ಮ ಫೈಲು ಎನ್‌ಕ್ರಿಪ್ಟ್ ಆಗಿರುತ್ತದೆ’ ಎಂಬ ಬೀಗದ ಚಿತ್ರ ಬಹುತೇಕ ಎಲ್ಲ ತಾಣಗಳಲ್ಲೂ ಇರುತ್ತದೆ. ಅದು ಸುಳ್ಳಲ್ಲ, ಆದರೆ ಆ ಬೀಗ ದಾರಿಗೆ ಮಾತ್ರ. ನಿಮ್ಮ ಬ್ರೌಸರಿನಿಂದ ಅವರ ಸರ್ವರಿನವರೆಗೆ ನಡುವೆ ಯಾರೂ ಇಣುಕುವಂತಿಲ್ಲ. ಸರ್ವರಿಗೆ ತಲುಪಿದ ಮೇಲೆ ಅವರು ಬೀಗ ತೆಗೆಯದೆ ನಿಮ್ಮ ವಿಡಿಯೊವನ್ನು ಕುಗ್ಗಿಸಲು ಸಾಧ್ಯವೇ ಇಲ್ಲ. ಹಾಗಾಗಿ ದೂರದ ಸರ್ವರಿನಲ್ಲಿ ಸಂಸ್ಕರಿಸುವ ಯಾವ ಸೇವೆಯಾದರೂ ‘ನಿಮ್ಮ ವಿಡಿಯೊ ನಮಗೂ ಕಾಣಿಸುವುದಿಲ್ಲ’ ಎಂದು ಹೇಳಿಕೊಂಡರೆ ಅದನ್ನು ಜಾಹೀರಾತಿನ ಮಾತು ಎಂದೇ ತಿಳಿಯಬೇಕು.

ದಾರಿ ಒಂದು: ಲಾಗಿನ್ ಬೇಡದ ಉಚಿತ ತಾಣ

ಅತಿ ಸುಲಭ, ಅತಿ ಹೆಚ್ಚು ಬಳಕೆಯಲ್ಲಿರುವುದು, ನನ್ನ ಮಟ್ಟಿಗೆ ಮನೆಯ ವಿಡಿಯೊಗೆ ಕೊನೆಯ ಆಯ್ಕೆ.

ಇಲ್ಲಿ ನಡೆಯುವುದೇನು ಎಂದರೆ, ಫೈಲು ಮೊದಲು ಯಾವುದೋ ಬಾಡಿಗೆ ಕ್ಲೌಡಿನ ಸಂಗ್ರಹಕ್ಕೆ ಹೋಗುತ್ತದೆ. ಅಲ್ಲಿಂದ ಇನ್ನೊಂದು ಯಂತ್ರ ಅದನ್ನು ಎತ್ತಿಕೊಂಡು ಕೆಲಸ ಮಾಡಿ, ಫಲಿತಾಂಶವನ್ನು ಮತ್ತೆ ಸಂಗ್ರಹದಲ್ಲಿಟ್ಟು, ನಿಮಗೊಂದು ಡೌನ್‌ಲೋಡ್ ಲಿಂಕ್ ಕೊಡುತ್ತದೆ. ಈಗ ಎರಡು ಪ್ರತಿಗಳಾದವು. ಮುನ್ನೋಟಕ್ಕೆಂದು ಸಣ್ಣ ಚಿತ್ರಗಳನ್ನು ತೆಗೆದಿದ್ದರೆ ಅವೂ ಎಲ್ಲೋ ಇರುತ್ತವೆ. ‘24 ಗಂಟೆಯಲ್ಲಿ ಅಳಿಸುತ್ತೇವೆ’ ಎಂಬ ಭರವಸೆ ಇವುಗಳಲ್ಲಿ ಯಾವುದಕ್ಕೆ ಅನ್ವಯಿಸುತ್ತದೆ ಎಂಬುದು ಸಾಮಾನ್ಯವಾಗಿ ಬರೆದಿರುವುದಿಲ್ಲ.

ಡೌನ್‌ಲೋಡ್ ಲಿಂಕ್ ಕೂಡ ಗಮನಿಸಬೇಕಾದದ್ದೇ. ಅದು ಊಹಿಸಲಾಗದಷ್ಟು ಉದ್ದವಾಗಿರುತ್ತದೆ, ನಿಜ. ಆದರೆ ಬಹಳಷ್ಟು ಕಡೆ ಅದಕ್ಕೆ ಬೇರೆ ಕಾವಲಿಲ್ಲ. ಲಿಂಕ್ ಕೈಗೆ ಸಿಕ್ಕವರೆಲ್ಲ ವಿಡಿಯೊ ನೋಡಬಹುದು. ಅದು ನಿಮ್ಮ ಬ್ರೌಸರಿನ ಇತಿಹಾಸದಲ್ಲಿ ಉಳಿಯುತ್ತದೆ, ಇತಿಹಾಸ ಸಿಂಕ್ ಆಗುತ್ತಿದ್ದರೆ ಮನೆಯ ಹಂಚಿಕೊಂಡ ಟ್ಯಾಬ್ಲೆಟ್ಟಿಗೂ ಹೋಗುತ್ತದೆ. ಯಾರಿಗೋ ಅದೇ ಲಿಂಕನ್ನು ಫಾರ್ವರ್ಡ್ ಮಾಡಿದಿರಿ ಎಂದರೆ ಆಮೇಲೆ ಅದರ ಮೇಲೆ ನಿಮಗೆ ಹಿಡಿತವಿಲ್ಲ.

ಇನ್ನೊಂದು ವಿಷಯ ಹೊಸಬರಿಗೆ ತಿಳಿಯುವುದೇ ಇಲ್ಲ. ‘ಆರಂಭಿಸು’ ಗುಂಡಿ ಒತ್ತಿದ ಮೇಲೆ ಅಪ್‌ಲೋಡ್ ಶುರುವಾಗುತ್ತದೆ ಎಂದು ನಾವು ಭಾವಿಸುತ್ತೇವೆ. ಎಷ್ಟೋ ತಾಣಗಳಲ್ಲಿ ಫೈಲು ಎಳೆದು ಹಾಕಿದ ಕ್ಷಣವೇ ಅದು ಹೊರಟಿರುತ್ತದೆ. ಮನಸ್ಸು ಬದಲಿಸಿ ಪುಟ ಮುಚ್ಚುವ ಹೊತ್ತಿಗೆ ಅರ್ಧ ಹೋಗಿರಬಹುದು.

ಲಾಗಿನ್ ಇಲ್ಲದಿರುವುದನ್ನು ಹಲವರು ಖಾಸಗಿತನದ ಗುಣ ಎಂದು ಎಣಿಸುತ್ತಾರೆ. ಅರ್ಧ ಸರಿ. ನಿಮ್ಮ ಹೆಸರು, ಇಮೇಲ್ ಫೈಲಿಗೆ ಅಂಟಿಕೊಂಡಿರುವುದಿಲ್ಲ. ಆದರೆ ನಾಳೆ ‘ನನ್ನ ವಿಡಿಯೊ ಅಳಿಸಿ’ ಎಂದು ಬರೆದರೆ ಅದು ಯಾವ ಫೈಲು, ಅದು ನಿಮ್ಮದೇ ಎನ್ನಲು ಪುರಾವೆ ಏನು ಎಂಬುದಕ್ಕೆ ಉತ್ತರವಿರುವುದಿಲ್ಲ. ಹೆಸರಿಲ್ಲದೆ ಕೊಟ್ಟದ್ದನ್ನು ಹೆಸರು ಹೇಳಿ ವಾಪಸ್ ಕೇಳಲಾಗುವುದಿಲ್ಲ.

ಉಚಿತ ಪರಿವರ್ತಕಗಳ ವೇಷದಲ್ಲಿ ಬರುವ ಶುದ್ಧ ಮೋಸದ ತಾಣಗಳು ಬೇರೆಯೇ ಅಧ್ಯಾಯ. 2025ರ ಮಾರ್ಚಿನಲ್ಲಿ ಅಮೆರಿಕದ ಎಫ್‌ಬಿಐನ ಡೆನ್ವರ್ ಕಚೇರಿ ಇಂಥವುಗಳ ಬಗ್ಗೆ ಎಚ್ಚರಿಕೆ ಹೊರಡಿಸಿತ್ತು: ಹೇಳಿದ ಕೆಲಸವನ್ನು ಮಾಡಿಕೊಡುತ್ತವೆ, ಆದರೆ ಹಿಂದಿರುಗಿ ಬರುವ ಫೈಲಿನಲ್ಲಿ ಕುತಂತ್ರಾಂಶ ಇರಬಹುದು, ಕೊಟ್ಟ ಫೈಲಿನಿಂದ ಖಾಸಗಿ ವಿವರ ಹೆಕ್ಕಿಕೊಳ್ಳಲೂಬಹುದು. ಗುರುತಿಸಲು ಒಂದು ಸುಲಭದ ಸೂಚನೆ: ನೀವು ಎಂಪಿ4 ಕೇಳಿದ್ದಕ್ಕೆ `.exe`, `.msi`, `.js` ಎಂದು ಕೊನೆಗೊಳ್ಳುವ ಫೈಲು ಅಥವಾ ಜಿಪ್ ಕಟ್ಟು ಬಂದರೆ ತೆರೆಯದೆ ಅಳಿಸಿ.

ದಾರಿ ಎರಡು: ಬ್ರೌಸರಿನೊಳಗೇ ಕೆಲಸ ಮಾಡುವ ತಾಣ

ನೋಡಲು ಮೊದಲನೆಯದರ ಹಾಗೇ ಇರುತ್ತದೆ, ಒಳಗಿನ ಕಥೆ ಬೇರೆ. ಇಲ್ಲಿ ಫೈಲು ಸರ್ವರಿಗೆ ಹೋಗುವುದಿಲ್ಲ, ಸಂಸ್ಕರಿಸುವ ಯಂತ್ರವೇ ನಿಮ್ಮ ಬ್ರೌಸರಿಗೆ ಇಳಿಯುತ್ತದೆ. ಬ್ರೌಸರುಗಳಲ್ಲಿ ವೆಬ್‌ಅಸೆಂಬ್ಲಿ ಎಂಬ ವ್ಯವಸ್ಥೆ ಬಂದ ಮೇಲೆ ಇದು ಸಾಧ್ಯವಾಯಿತು. ಬಹಳ ತಾಣಗಳು ಬಳಸುವುದು ಎಫ್‌ಎಫ್‌ಎಂಪೆಗ್ ಎಂಬ ಹಳೆಯ, ಗಟ್ಟಿಯಾದ ತಂತ್ರಾಂಶದ ಬ್ರೌಸರ್ ಆವೃತ್ತಿಯನ್ನು.

‘ನಿಮ್ಮ ಫೈಲು ಕಂಪ್ಯೂಟರ್ ಬಿಟ್ಟು ಹೋಗುವುದಿಲ್ಲ’ ಎಂದು ಇವರು ಬರೆದುಕೊಂಡಿರುತ್ತಾರೆ. ಒಳ್ಳೆಯ ಸಂಗತಿಯೆಂದರೆ ಈ ಮಾತನ್ನು ನಂಬಬೇಕಾಗಿಲ್ಲ, ಪರೀಕ್ಷಿಸಬಹುದು. ಮೊದಲ ದಾರಿಯಲ್ಲಿ ಅಂಥ ಅವಕಾಶವೇ ಇರಲಿಲ್ಲ.

ಪರೀಕ್ಷೆ ಹೀಗೆ. ಖಾಲಿ ಗೋಡೆಯನ್ನು ಐದು ಸೆಕೆಂಡು ಚಿತ್ರೀಕರಿಸಿ. ಬ್ರೌಸರಿನಲ್ಲಿ ಖಾಸಗಿ ಕಿಟಕಿ ತೆರೆದು ಆ ತಾಣಕ್ಕೆ ಹೋಗಿ ಗೋಡೆಯ ವಿಡಿಯೊ ಒಮ್ಮೆ ಕುಗ್ಗಿಸಿ. ಈ ಹೆಜ್ಜೆ ಬಿಡಬೇಡಿ, ಏಕೆಂದರೆ ಕೆಲವು ತಾಣಗಳು ಮೊದಲ ಫೈಲು ಸಿಕ್ಕಾಗಲೇ ಯಂತ್ರವನ್ನು ಇಳಿಸಿಕೊಳ್ಳುತ್ತವೆ. ಈಗ ವೈಫೈ ಆಫ್ ಮಾಡಿ, ಕೇಬಲ್ ಇದ್ದರೆ ಕೀಳಿ, ಪುಟವನ್ನು ರಿಫ್ರೆಶ್ ಮಾಡದೆ ಗೋಡೆಯ ವಿಡಿಯೊವನ್ನೇ ಮತ್ತೊಮ್ಮೆ ಕೊಡಿ. ಕೆಲಸ ಮುಗಿದು ಫಲಿತಾಂಶ ಕೈಗೆ ಬಂದರೆ ಸಂಸ್ಕರಣೆ ನಿಮ್ಮಲ್ಲೇ ನಡೆಯುತ್ತಿದೆ. ಹಾಗೇ ಸಂಪರ್ಕ ಇಲ್ಲದ ಸ್ಥಿತಿಯಲ್ಲೇ ನಿಜವಾದ ವಿಡಿಯೊ ಕೊಟ್ಟು, ಉಳಿಸಿಕೊಂಡು, ಖಾಸಗಿ ಕಿಟಕಿಗಳನ್ನೆಲ್ಲ ಮುಚ್ಚಿದ ಮೇಲೆಯೇ ವೈಫೈ ಹಾಕಿ. ಸಂಪರ್ಕ ಬಂದ ಕೂಡಲೇ ಸದ್ದಿಲ್ಲದೆ ಕಳಿಸುವ ಸಾಧ್ಯತೆಯೂ ಇದರಿಂದ ತಪ್ಪುತ್ತದೆ.

ಸಂಪರ್ಕ ಕಡಿಯುವುದು ರಗಳೆ ಎನಿಸಿದರೆ `F12` ಒತ್ತಿ `Network` ಎಂಬ ವಿಭಾಗ ತೆರೆದಿಟ್ಟುಕೊಂಡು ಫೈಲು ಕೊಡಿ. ಅಲ್ಲಿ `POST` ಅಥವಾ `PUT` ಎಂಬ ಸಾಲು ಕಾಣಿಸಿಕೊಂಡು ಬಹಳ ಹೊತ್ತು ಮುಗಿಯದೆ ಉಳಿದರೆ ಫೈಲು ಹೊರಗೆ ಹೋಗುತ್ತಿದೆ ಎಂದೇ ಅರ್ಥ. ಇದನ್ನೂ ಗೋಡೆಯ ವಿಡಿಯೊದಿಂದಲೇ ಮಾಡಿ.

ಇದರ ಮಿತಿ ಎಂದರೆ ನೆನಪಿನ ಜಾಗ. ಎಫ್‌ಎಫ್‌ಎಂಪೆಗ್‌ನ ಬ್ರೌಸರ್ ಆವೃತ್ತಿ 2 ಜಿಬಿಗಿಂತ ದೊಡ್ಡ ಫೈಲು ತೆಗೆದುಕೊಳ್ಳುವುದಿಲ್ಲ, ವಾಸ್ತವದಲ್ಲಿ ಅದಕ್ಕಿಂತ ಮೊದಲೇ ಟ್ಯಾಬು ಕುಸಿದು ಬೀಳುತ್ತದೆ. ನಮ್ಮ ಹುಟ್ಟುಹಬ್ಬದ ವಿಡಿಯೊ ಸರಿಯಾಗಿ ಆ ಅಂಚಿನಲ್ಲಿದೆ. ವೇಗವೂ ಕಡಿಮೆ. ಎರಡು ಮೂರು ನಿಮಿಷದ ತುಣುಕಿಗೆ, ತನ್ನದಲ್ಲದ ಕಂಪ್ಯೂಟರಿನಲ್ಲಿ ತಂತ್ರಾಂಶ ಹಾಕಿಕೊಳ್ಳಲಾಗದವರಿಗೆ ಈ ದಾರಿ ಚೆನ್ನಾಗಿದೆ.

ದಾರಿ ಮೂರು: ಖಾತೆ ತೆರೆದು ಬಳಸುವ ಆ್ಯಪ್ ಮತ್ತು ಕ್ಲೌಡ್

ಫೋನಿನ ಎಡಿಟಿಂಗ್ ಆ್ಯಪ್‌ಗಳು, ಹಳೆಯ ವಿಡಿಯೊ ‘ಹೊಸದಾಗಿಸುವ’ ಸೇವೆಗಳು, ಗ್ಯಾಲರಿಯನ್ನು ತಾನೇ ಜೋಡಿಸಿ ನೆನಪಿನ ಚಿತ್ರ ಮಾಡಿಕೊಡುವ ಕ್ಲೌಡ್‌ಗಳು ಇಲ್ಲಿಗೆ ಸೇರುತ್ತವೆ. ಮೊದಲ ದಾರಿಗಿಂತ ಇದು ಮೇಲು, ಏಕೆಂದರೆ ಎದುರಿಗೆ ಹೆಸರು ವಿಳಾಸವಿರುವ ಕಂಪನಿ ಇದೆ, ಅಳಿಸುವ ಗುಂಡಿ ಇದೆ, ಕೇಳುವ ಹಕ್ಕಿದೆ. ಆದರೆ ಇಲ್ಲಿ ವಿಡಿಯೊ ನಿಮ್ಮ ಹೆಸರಿನ ಅಡಿಯಲ್ಲಿ, ಬಹಳ ಕಾಲ, ಬೇರೆ ವಿಡಿಯೊಗಳ ಜೊತೆ ಕುಳಿತಿರುತ್ತದೆ. ಅಪಾಯದ ಬಗೆ ಬೇರೆ. ಮೂರು ನಡೆದ ಪ್ರಸಂಗಗಳನ್ನು ಹೇಳಿದರೆ ಅದು ಸ್ಪಷ್ಟವಾದೀತು.

ಎವರ್ ಎಂಬ ಆ್ಯಪ್ ಇತ್ತು. ಫೋಟೊ, ವಿಡಿಯೊ ಕೂಡಿಡಲು ಜನ ಬಳಸುತ್ತಿದ್ದರು. ಅದನ್ನು ನಡೆಸುತ್ತಿದ್ದ ಎವರ್‌ಆಲ್ಬಮ್ ಕಂಪನಿ ಬಳಕೆದಾರರ ಚಿತ್ರಗಳನ್ನು ಮುಖ ಗುರುತಿಸುವ ತಂತ್ರಜ್ಞಾನ ಬೆಳೆಸಲು ಬಳಸಿಕೊಂಡಿತು, ಖಾತೆ ಮುಚ್ಚಿದವರ ಫೋಟೊ ವಿಡಿಯೊಗಳನ್ನು ಅಳಿಸುತ್ತೇವೆ ಎಂದು ಹೇಳಿ ಇಟ್ಟುಕೊಂಡಿತು ಎಂಬುದು ಅಮೆರಿಕದ ಫೆಡರಲ್ ಟ್ರೇಡ್ ಕಮಿಷನ್ನಿನ ಆರೋಪ. 2021ರ ರಾಜಿಯಲ್ಲಿ ಆ ಚಿತ್ರಗಳನ್ನು ಮಾತ್ರವಲ್ಲ, ಅವುಗಳಿಂದ ಕಟ್ಟಿದ ಮಾದರಿಗಳನ್ನೂ ಅಳಿಸುವಂತೆ ಕಂಪನಿಗೆ ಹೇಳಲಾಯಿತು. ಗಮನಿಸಿ, ಜನ ಅಲ್ಲಿ ವಿಡಿಯೊ ಇಟ್ಟದ್ದು ಜೋಪಾನಕ್ಕೆ. ಅದರಿಂದ ಬೇರೆಯವರ ಮುಖ ಹುಡುಕುವ ಯಂತ್ರ ತಯಾರಾಗುತ್ತದೆ ಎಂದು ಯಾರೂ ಎಣಿಸಿರಲಿಲ್ಲ.

ಎರಡನೆಯದರಲ್ಲಿ ದುರುದ್ದೇಶವೇನಿರಲಿಲ್ಲ, ಬರೀ ತಾಂತ್ರಿಕ ಎಡವಟ್ಟು. 2019ರ ನವೆಂಬರ್ 21ರಿಂದ 25ರವರೆಗೆ ಗೂಗಲ್ ಫೋಟೋಸ್‌ನಿಂದ ತಮ್ಮ ಸಂಗ್ರಹವನ್ನು ಟೇಕ್‌ಔಟ್ ಎಂಬ ಸೌಲಭ್ಯದ ಮೂಲಕ ಇಳಿಸಿಕೊಂಡ ಕೆಲವರಿಗೆ ಅಪರಿಚಿತರ ವಿಡಿಯೊಗಳು ಬಂದವು, ಇವರದ್ದು ಇನ್ಯಾರಿಗೋ ಹೋದವು. ಅಂಥವರ ಪ್ರಮಾಣ ಬಹಳ ಕಡಿಮೆ ಎಂದು ಕಂಪನಿ ಹೇಳಿತು. ದೊಡ್ಡ ಕಂಪನಿಗೂ ಆಗಬಹುದು ಎಂಬುದಷ್ಟೇ ಇಲ್ಲಿ ತಿಳಿಯಬೇಕಾದ್ದು.

ಮೂರನೆಯದು ಮನೆಮಂದಿಗೆ ಹೆಚ್ಚು ಹತ್ತಿರದ್ದು. 2022ರ ಆಗಸ್ಟಿನಲ್ಲಿ ನ್ಯೂಯಾರ್ಕ್ ಟೈಮ್ಸ್ ವರದಿ ಮಾಡಿದ ಪ್ರಕರಣದಲ್ಲಿ ತಂದೆಯೊಬ್ಬ ತನ್ನ ಪುಟ್ಟ ಮಗನ ಊತವನ್ನು ವೈದ್ಯರಿಗೆ ತೋರಿಸಲೆಂದು ಫೋಟೊ ತೆಗೆದ. ಫೋನು ಅದನ್ನು ತಾನೇ ಕ್ಲೌಡಿಗೆ ಏರಿಸಿತು, ಯಂತ್ರ ಅದನ್ನು ಮಕ್ಕಳ ಲೈಂಗಿಕ ದೌರ್ಜನ್ಯದ ಚಿತ್ರ ಎಂದು ಗುರುತಿಸಿತು. ಪೊಲೀಸರು ತನಿಖೆ ಮಾಡಿ ಅಪರಾಧವೇನೂ ಇಲ್ಲವೆಂದರು. ಆದರೂ ವರ್ಷಗಳ ಇಮೇಲು, ಫೋಟೊ, ಫೋನ್ ನಂಬರು ಇದ್ದ ಖಾತೆ ಅವನಿಗೆ ಮರಳಿ ಸಿಗಲಿಲ್ಲ. ಮಗುವಿಗೆ ಎಣ್ಣೆ ಹಚ್ಚಿ ಸ್ನಾನ ಮಾಡಿಸುವ ವಿಡಿಯೊ ಎಷ್ಟು ಮನೆಗಳಲ್ಲಿಲ್ಲ? ದೌರ್ಜನ್ಯದ ಚಿತ್ರಗಳನ್ನು ಹುಡುಕುವುದು ತಪ್ಪೆಂದು ನಾನು ಹೇಳುತ್ತಿಲ್ಲ, ಅದು ಬೇಕು. ಆದರೆ ಮೈಮೇಲೆ ಬಟ್ಟೆಯಿಲ್ಲದ ಮಗುವಿರುವ ವಿಡಿಯೊವನ್ನು, ಎಷ್ಟೇ ಮುಗ್ಧವಾಗಿರಲಿ, ಸಂಸ್ಕರಣೆಗೆ ಯಾವ ಕ್ಲೌಡಿಗೂ ಕೊಡಬೇಡಿ. ಈ ಒಂದು ವಿಷಯದಲ್ಲಿ ನನಗೆ ಎರಡು ಮಾತಿಲ್ಲ.

ಆ್ಯಪ್ ಬಳಸುವುದಾದರೆ ಗ್ಯಾಲರಿಯ ಅನುಮತಿ ಕೇಳಿದಾಗ ಇಡೀ ಗ್ಯಾಲರಿ ಕೊಡದೆ ಆರಿಸಿದ ವಿಡಿಯೊ ಮಾತ್ರ ಕೊಡಿ. ಐಫೋನಿನಲ್ಲಿ ಐಒಎಸ್ 14ರಿಂದ, ಆಂಡ್ರಾಯ್ಡ್‌ನಲ್ಲಿ 14ನೇ ಆವೃತ್ತಿಯಿಂದ ಈ ಆಯ್ಕೆ ಇದೆ. ಖಾಸಗಿತನದ ನೀತಿಯನ್ನು ಪೂರ್ತಿ ಓದುವ ತಾಳ್ಮೆ ಯಾರಿಗೂ ಇರುವುದಿಲ್ಲ, ಹಾಗಾಗಿ ಪುಟದಲ್ಲಿ ಈ ಪದಗಳನ್ನಷ್ಟೇ ಹುಡುಕಿ: `retain`, `train`, `improve`, `affiliates`. ಮೊದಲನೆಯದು ಎಷ್ಟು ದಿನ ಇಟ್ಟುಕೊಳ್ಳುತ್ತಾರೆ ಎಂಬುದಕ್ಕೆ, ನಡುವಿನ ಎರಡು ನಿಮ್ಮ ವಿಡಿಯೊದಿಂದ ಅವರ ಯಂತ್ರ ಕಲಿಯುತ್ತದೆಯೇ ಎಂಬುದಕ್ಕೆ, ಕೊನೆಯದು ಇನ್ನು ಯಾರಿಗೆಲ್ಲ ಹೋಗುತ್ತದೆ ಎಂಬುದಕ್ಕೆ ಕರೆದೊಯ್ಯುತ್ತದೆ. ‘ಸೇವೆಯನ್ನು ಉತ್ತಮಗೊಳಿಸಲು’ ಎಂಬ ಅಮಾಯಕ ಮಾತಿನೊಳಗೆ ಬಹಳಷ್ಟು ಅಡಗಬಹುದು.

ಷರತ್ತು ಓದಿದ ದಿನಾಂಕವನ್ನೂ ಬರೆದಿಟ್ಟುಕೊಳ್ಳುವುದು ಒಳ್ಳೆಯದು. 2025ರ ಜುಲೈನಲ್ಲಿ ಫೈಲು ಕಳಿಸುವ ವಿಟ್ರಾನ್ಸ್‌ಫರ್ ಸೇವೆಯ ಹೊಸ ಷರತ್ತುಗಳಲ್ಲಿ ಬಳಕೆದಾರರ ಫೈಲಿನಿಂದ ಯಂತ್ರಕಲಿಕೆಯ ಮಾದರಿಗಳನ್ನು ಸುಧಾರಿಸಿಕೊಳ್ಳಬಹುದೆಂಬ ಅರ್ಥ ಬರುವ ಸಾಲು ಸೇರಿತ್ತು. ಗದ್ದಲವಾದ ಮೇಲೆ ಕಂಪನಿ ಅದನ್ನು ತೆಗೆದು, ಹಾಗೆ ಬಳಸುವುದಿಲ್ಲ ಎಂದು ಹೇಳಿತು. ಗದ್ದಲ ಆಗದ ಸಣ್ಣ ಆ್ಯಪ್‌ಗಳಲ್ಲಿ ಇಂಥ ಸಾಲು ಬಂದದ್ದು ಯಾರಿಗೂ ತಿಳಿಯದೆ ಹೋಗುತ್ತದೆ.

ದಾರಿ ನಾಲ್ಕು: ನಿಮ್ಮದೇ ಕಂಪ್ಯೂಟರ್

ಕತ್ತರಿಸುವುದು, ಜೋಡಿಸುವುದು, ತಿರುಗಿಸುವುದು, ಕುಗ್ಗಿಸುವುದು, ಒಂದು ಬಗೆಯಿಂದ ಇನ್ನೊಂದು ಬಗೆಗೆ ಬದಲಿಸುವುದು. ಮನೆಯ ವಿಡಿಯೊಗೆ ಸಾಮಾನ್ಯವಾಗಿ ಬೇಕಾಗುವುದು ಇಷ್ಟೇ, ಇದ್ಯಾವುದಕ್ಕೂ ಫೈಲು ಮನೆ ಬಿಡಬೇಕಾಗಿಲ್ಲ. ಕುಗ್ಗಿಸಲು ಹ್ಯಾಂಡ್‌ಬ್ರೇಕ್, ಕತ್ತರಿಸಿ ಜೋಡಿಸಲು ಶಾಟ್‌ಕಟ್ ಅಥವಾ ಕೆಡೆನ್‌ಲೈವ್ ಸಾಕು. ಮೂರೂ ಉಚಿತ, ಮುಕ್ತ ತಂತ್ರಾಂಶಗಳು, ವಿಂಡೋಸ್, ಮ್ಯಾಕ್, ಲಿನಕ್ಸ್ ಎಲ್ಲದರಲ್ಲೂ ನಡೆಯುತ್ತವೆ. ಅವುಗಳ ಸ್ವಂತ ತಾಣದಿಂದಲೇ ಇಳಿಸಿಕೊಳ್ಳಿ, ಹುಡುಕಾಟದಲ್ಲಿ ಮೇಲೆ ಬರುವ ಜಾಹೀರಾತಿನ ಕೊಂಡಿಯಿಂದ ಬೇಡ.

ನಮ್ಮ ಉದಾಹರಣೆಗೆ ಹ್ಯಾಂಡ್‌ಬ್ರೇಕ್‌ನಲ್ಲಿ ಫೈಲು ತೆರೆದು, `Fast 1080p30` ಎಂಬ ಸಿದ್ಧ ಸೆಟ್ಟಿಂಗ್ ಆರಿಸಿ, ವ್ಯಾಪ್ತಿಯನ್ನು ಸೆಕೆಂಡುಗಳಲ್ಲಿ ಕೊಟ್ಟು ಕೇಕಿನ ಮೂರು ನಿಮಿಷ ಮಾತ್ರ ತೆಗೆದರೆ ಕೆಲಸ ಮುಗಿಯಿತು. 2 ಜಿಬಿ ಅಪ್‌ಲೋಡ್ ಆಗುವುದನ್ನು ಕಾಯುವ ಹೊತ್ತಿಗೆ ಸಾಧಾರಣ ಲ್ಯಾಪ್‌ಟಾಪೂ ಇದನ್ನು ಮುಗಿಸಿರುತ್ತದೆ. ಉಳಿಸಿದ ಫೈಲಿನ ಮೇಲೆ ಮತ್ತೊಮ್ಮೆ ಎಕ್ಸಿಫ್‌ಟೂಲ್ ಓಡಿಸಿ, ಜಾಗದ ಸಾಲು ಉಳಿದಿದೆಯೇ ನೋಡಿ.

ಈ ದಾರಿಯಲ್ಲೂ ಒಂದು ಹೊಂಡವಿದೆ, ತಿಳಿದವರೂ ಬೀಳುವಂಥದ್ದು. ಮರು ಎನ್‌ಕೋಡ್ ಮಾಡದೆ, ಅಂದರೆ ಚಿತ್ರಗಳನ್ನು ಬಿಚ್ಚಿ ಹೊಸದಾಗಿ ಕಟ್ಟದೆ, ಕ್ಷಣಾರ್ಧದಲ್ಲಿ ಕತ್ತರಿಸುವ ಸೌಲಭ್ಯ ಹಲವು ತಂತ್ರಾಂಶಗಳಲ್ಲಿದೆ. ಗುಣಮಟ್ಟ ಕಳೆಯುವುದಿಲ್ಲವೆಂದು ಎಲ್ಲರಿಗೂ ಅದು ಇಷ್ಟ. ಆದರೆ ವಿಡಿಯೊದಲ್ಲಿ ಪೂರ್ತಿ ಚಿತ್ರ ಇರುವುದು ಅಲ್ಲಲ್ಲಿ ಮಾತ್ರ, ಅವನ್ನು ಕೀಫ್ರೇಮ್ ಎನ್ನುತ್ತಾರೆ. ನಡುವಿನವೆಲ್ಲ ‘ಹಿಂದಿನದಕ್ಕಿಂತ ಏನು ಬದಲಾಯಿತು’ ಎಂಬ ಟಿಪ್ಪಣಿಗಳು. ನೀವು ಹೇಳಿದ ಕ್ಷಣದಲ್ಲಿ ಕೀಫ್ರೇಮ್ ಇಲ್ಲದಿದ್ದರೆ ತಂತ್ರಾಂಶ ಅದಕ್ಕಿಂತ ಹಿಂದಿನ ಕೀಫ್ರೇಮಿನಿಂದ ನಕಲು ಮಾಡಿ, ‘ಈ ಭಾಗ ತೋರಿಸಬೇಡ’ ಎಂಬ ಸೂಚನೆಯನ್ನಷ್ಟೇ ಎಂಪಿ4 ಫೈಲಿನಲ್ಲಿ ಬರೆದಿಡಬಹುದು. ಪ್ಲೇಯರು ಆ ಸೂಚನೆಯನ್ನು ಪಾಲಿಸುತ್ತದೆ, ನಿಮಗೆ ಕತ್ತರಿಸಿದಂತೆ ಕಾಣುತ್ತದೆ. ಕತ್ತರಿಸಿದ್ದು ಮಾತ್ರ ಫೈಲಿನೊಳಗೇ ಇರುತ್ತದೆ. ಎಫ್‌ಎಫ್‌ಎಂಪೆಗ್ ಮೂಲಕ ಎಚ್.264 ಎಂಬ ವಿಡಿಯೊ ಬಗೆಗೆ ಬದಲಿಸಿದ ಫೈಲುಗಳಲ್ಲಿ ರೂಢಿಯ ಸೆಟ್ಟಿಂಗಿನಂತೆ ಎರಡು ಕೀಫ್ರೇಮುಗಳ ನಡುವೆ 250 ಫ್ರೇಮುಗಳವರೆಗೆ ಅಂತರವಿರಬಹುದು, ಸೆಕೆಂಡಿಗೆ 25ರ ಲೆಕ್ಕದಲ್ಲಿ ಹತ್ತು ಸೆಕೆಂಡು. ಅಷ್ಟರಲ್ಲಿ ಅಮ್ಮ ಫೋನಿನಲ್ಲಿ ಬ್ಯಾಂಕಿನ ವಿವರ ಓದಿ ಹೇಳಿ ಮುಗಿಸಿರುತ್ತಾರೆ.

ಮುಚ್ಚಿಡಬೇಕಾದ್ದು ಏನಾದರೂ ಇದ್ದರೆ ಮರು ಎನ್‌ಕೋಡ್ ಮಾಡಿಯೇ ಕತ್ತರಿಸಿ. ಮೇಲೆ ಹೇಳಿದ ಹ್ಯಾಂಡ್‌ಬ್ರೇಕ್ ಯಾವಾಗಲೂ ಹಾಗೇ ಮಾಡುತ್ತದೆ, ಆದ್ದರಿಂದ ಅಲ್ಲಿ ಈ ಚಿಂತೆಯಿಲ್ಲ. ಮುಖ ಅಥವಾ ಅಕ್ಷರ ಮರೆಮಾಡಲು ಮಸುಕು, ಚೌಕಳಿ ಬಳಸುವ ಬದಲು ಪೂರ್ತಿ ಕಪ್ಪು ಪಟ್ಟಿ ಇಡಿ. ವಿಡಿಯೊದಲ್ಲಿ ಒಂದೇ ವಸ್ತು ನೂರಾರು ಫ್ರೇಮುಗಳಲ್ಲಿ ಸ್ವಲ್ಪ ಸ್ವಲ್ಪ ಜರುಗುತ್ತಾ ಬರುವುದರಿಂದ ಚೌಕಳಿಯ ಹಿಂದಿರುವುದನ್ನು ಮತ್ತೆ ಕಟ್ಟಿಕೊಳ್ಳುವುದು ಒಂದು ಫೋಟೊಗಿಂತ ಸುಲಭ.

ಅಪ್‌ಲೋಡ್ ಮಾಡಲೇಬೇಕೆನಿಸುವ ಕೆಲಸಗಳು

ಎರಡು ಉಳಿಯುತ್ತವೆ: ಉಪಶೀರ್ಷಿಕೆ, ಮತ್ತು ಹಳೆಯ ಟೇಪಿನ ವಿಡಿಯೊ ಸ್ಪಷ್ಟಗೊಳಿಸುವುದು.

ಉಪಶೀರ್ಷಿಕೆಗೆ ವಿಸ್ಪರ್ ಎಂಬ ಮಾತು ಗುರುತಿಸುವ ಮಾದರಿ 2022ರಿಂದ ಎಲ್ಲರಿಗೂ ಸಿಗುತ್ತಿದೆ, ಸಬ್‌ಟೈಟಲ್ ಎಡಿಟ್ ಎಂಬ ಉಚಿತ ತಂತ್ರಾಂಶದೊಳಗಿಂದಲೇ ಅದನ್ನು ನಿಮ್ಮ ಯಂತ್ರದಲ್ಲಿ ಓಡಿಸಬಹುದು. ಕನ್ನಡಕ್ಕೆ ತಪ್ಪುಗಳು ಹೇರಳ, ಕೈಯಿಂದ ತಿದ್ದಲೇಬೇಕು.

ಟೇಪಿನದು ಸ್ವಲ್ಪ ಸ್ವಾರಸ್ಯದ ವಿಷಯ. ವಿಎಚ್‌ಎಸ್‌ನಿಂದ ಡಿಜಿಟಲ್ ಮಾಡಿಸಿದ ವಿಡಿಯೊ ಕಂಪ್ಯೂಟರಿನಲ್ಲಿ ನೋಡಿದಾಗ ಕೈ ಆಡಿಸಿದಲ್ಲೆಲ್ಲ ಬಾಚಣಿಗೆಯ ಹಲ್ಲಿನಂಥ ಅಡ್ಡಗೆರೆಗಳು ಕಾಣುತ್ತವೆ. ‘ಹಾಳಾಗಿದೆ, ಯಾವುದಾದರೂ ತಾಣದಲ್ಲಿ ಸರಿಮಾಡಿಸಬೇಕು’ ಎಂದು ಜನ ಹೊರಡುವುದು ಇಲ್ಲಿಂದಲೇ. ನಿಜದಲ್ಲಿ ಏನೂ ಹಾಳಾಗಿಲ್ಲ. ಆ ಕಾಲದ ಟಿವಿ ಒಂದು ಚಿತ್ರದ ಬೆಸ ಗೆರೆಗಳನ್ನೊಮ್ಮೆ, ಸರಿ ಗೆರೆಗಳನ್ನೊಮ್ಮೆ ತೋರಿಸುತ್ತಿತ್ತು, ಎರಡನ್ನೂ ಒಟ್ಟಿಗೆ ನೋಡಿದಾಗ ಹೀಗಾಗುತ್ತದೆ. ಹ್ಯಾಂಡ್‌ಬ್ರೇಕ್‌ನ `Filters` ವಿಭಾಗದಲ್ಲಿ `Deinterlace` ಎಂಬಲ್ಲಿ `Bwdif` ಆರಿಸಿ ಒಂದು ನಿಮಿಷದ ತುಣುಕು ಮಾಡಿ ನೋಡಿ. ಎಷ್ಟೋ ಸಲ ಅಷ್ಟಕ್ಕೇ ತೃಪ್ತಿಯಾಗುತ್ತದೆ, ಹೊರಗೆ ಕಳಿಸುವ ಮಾತೇ ಉಳಿಯುವುದಿಲ್ಲ.

ಅದಕ್ಕೂ ಮೀರಿ, ಅಜ್ಜಿಯ ಮುಖ ಇನ್ನಷ್ಟು ತಿಳಿಯಾಗಬೇಕು ಎನಿಸಿದರೆ ಯಂತ್ರ ಶಕ್ತಿ ಬೇಕಾಗುತ್ತದೆ. ಒಂದು ನಿಮಿಷ ಎಂದರೆ 1500 ಚಿತ್ರಗಳು, ಪ್ರತಿಯೊಂದನ್ನೂ ಬೇರೆಯಾಗಿ ತಿದ್ದಬೇಕು. ಒಳ್ಳೆಯ ಗ್ರಾಫಿಕ್ಸ್ ಕಾರ್ಡ್ ಇದ್ದರೆ ವಿಡಿಯೊ2ಎಕ್ಸ್‌ನಂಥ ಉಚಿತ ತಂತ್ರಾಂಶ ಮನೆಯಲ್ಲೇ ಮಾಡುತ್ತದೆ. ಇಲ್ಲದಿದ್ದರೆ ಹಣ ಪಡೆಯುವ, ಅಳಿಸುವ ಗುಂಡಿ ಇರುವ ಸೇವೆಗೆ ಕೊಡಬಹುದು, ಆದರೆ ಇಡೀ ಟೇಪು ಬೇಡ. ಬೇಕಾದ ತುಣುಕನ್ನು ಮಾತ್ರ, ದನಿ ತೆಗೆದು, ಅಂಟಿಕೊಂಡ ವಿವರಗಳನ್ನು ಕಿತ್ತುಹಾಕಿ ಕಳಿಸಿ. ಎಫ್‌ಎಫ್‌ಎಂಪೆಗ್‌ನಲ್ಲಿ ಅದಕ್ಕೆ ಆಜ್ಞೆ ಹೀಗಿದೆ:

```
ffmpeg -ss 00:04:10 -i tape.mp4 -t 90 -map_metadata -1 -an -c:v libx264 -crf 16 tunuku.mp4
```

ಇದು ನಾಲ್ಕು ನಿಮಿಷ ಹತ್ತು ಸೆಕೆಂಡಿನಿಂದ 90 ಸೆಕೆಂಡು ತೆಗೆಯುತ್ತದೆ. `-map_metadata -1` ಜಾಗ, ದಿನಾಂಕ, ಫೋನಿನ ಮಾದರಿಯನ್ನು ಬಿಟ್ಟುಬಿಡುತ್ತದೆ, `-an` ದನಿಯನ್ನು. ಮರು ಎನ್‌ಕೋಡ್ ಆಗುವುದರಿಂದ, ಮುಂಚೆ ಹೇಳಿದ ಹಾಗೆ ಕತ್ತರಿಸಿದ ಭಾಗ ಫೈಲಿನೊಳಗೆ ಅಡಗಿ ಉಳಿಯುವುದೂ ಇಲ್ಲ. ತಿದ್ದಿದ ಚಿತ್ರ ಮರಳಿದ ಮೇಲೆ ಮೂಲದ ದನಿಯನ್ನು ಶಾಟ್‌ಕಟ್‌ನಲ್ಲಿ ಮತ್ತೆ ಜೋಡಿಸಿಕೊಳ್ಳಿ. ಫೈಲಿಗೆ ಮಗುವಿನ ಹೆಸರಿಡಬೇಡಿ, ‘ತುಣುಕು’ ಎಂದಿದ್ದರೆ ಸಾಕು.

ಇಷ್ಟಾದರೂ ಮುಖ ಹೋಗಿಯೇ ಹೋಗುತ್ತದೆ. ಅದು ನಿಮ್ಮ ಮುಖವಲ್ಲದಿದ್ದರೆ ಆ ಮುಖದವರನ್ನು ಕೇಳಿ. ಹದಿಹರೆಯದ ಮಕ್ಕಳು ತಮ್ಮ ಹಳೆಯ ವಿಡಿಯೊ ಬಗ್ಗೆ ಬೇಡ ಎನ್ನುವ ಸಂಭವ ನಾವು ಎಣಿಸಿದ್ದಕ್ಕಿಂತ ಹೆಚ್ಚು.

ಈಗಾಗಲೇ ಕೊಟ್ಟಾಗಿದ್ದರೆ

ಬ್ರೌಸರಿನ ಇತಿಹಾಸದಲ್ಲಿ ಆ ತಾಣದ ಡೌನ್‌ಲೋಡ್ ಲಿಂಕ್ ಹುಡುಕಿ, ಖಾಸಗಿ ಕಿಟಕಿಯಲ್ಲಿ ತೆರೆಯಿರಿ, ಸಾಧ್ಯವಾದರೆ ಬೇರೆ ಸಂಪರ್ಕದಿಂದ. ವಿಡಿಯೊ ಬಂದರೆ ಅದು ಇನ್ನೂ ಅಲ್ಲಿದೆ, ಮತ್ತು ಲಾಗಿನ್ ಇಲ್ಲದೆ ಯಾರಿಗೂ ಸಿಗುತ್ತದೆ. ಅಳಿಸುವ ಗುಂಡಿ ಇದ್ದರೆ ಒತ್ತಿ, ಮರುದಿನ ಮತ್ತೆ ನೋಡಿ. ಹೇಳಿದ ಗಡುವು ಮೀರಿಯೂ ತೆರೆಯುತ್ತಿದ್ದರೆ ಆ ಲಿಂಕ್ ಸಮೇತ ಅವರ ಖಾಸಗಿತನದ ವಿಳಾಸಕ್ಕೆ ಬರೆಯಿರಿ. ಲಿಂಕ್ ಇದ್ದರೆ ಲಾಗಿನ್ ಇಲ್ಲದ ತಾಣದಲ್ಲೂ ಫೈಲು ಯಾವುದೆಂದು ತೋರಿಸಬಹುದು, ಹಾಗಾಗಿ ಅದನ್ನು ನಕಲು ಮಾಡಿಟ್ಟುಕೊಳ್ಳುವ ಮೊದಲು ಇತಿಹಾಸ ಅಳಿಸಬೇಡಿ. ಲಿಂಕ್ ಸತ್ತಿದ್ದರೆ ಫಲಿತಾಂಶದ ಪ್ರತಿಗೆ ಹೊರಗಿನವರ ದಾರಿ ಮುಚ್ಚಿದೆ ಎಂದಷ್ಟೇ ತಿಳಿಯುತ್ತದೆ, ನೀವು ಕೊಟ್ಟ ಮೂಲ ಫೈಲಿನ ಬಗ್ಗೆ ಅದು ಏನನ್ನೂ ಹೇಳುವುದಿಲ್ಲ.

ಆ್ಯಪ್ ಆಗಿದ್ದರೆ ಕ್ರಮ ಮುಖ್ಯ: ಮೊದಲು ಒಳಗಿನ ವಿಡಿಯೊಗಳನ್ನು ಅಳಿಸಿ, ಅನುಪಯುಕ್ತದ ಬುಟ್ಟಿ ಖಾಲಿ ಮಾಡಿ, ಆಮೇಲೆ ಖಾತೆ ಅಳಿಸಿ, ಕೊನೆಗೆ ಫೋನಿನಿಂದ ಆ್ಯಪ್ ತೆಗೆಯಿರಿ. ಆ್ಯಪ್ ತೆಗೆದ ಮಾತ್ರಕ್ಕೆ ಸರ್ವರಿನಲ್ಲಿರುವುದು ಅಳಿಯುವುದಿಲ್ಲ. ಎವರ್ ಪ್ರಕರಣದಲ್ಲಿ ಖಾತೆ ಮುಚ್ಚಿದ ಮೇಲೂ ವಿಡಿಯೊ ಉಳಿದಿತ್ತು ಎಂಬ ಕಾರಣಕ್ಕೇ ವಿಡಿಯೊ ಅಳಿಸುವುದನ್ನು ಖಾತೆ ಮುಚ್ಚುವುದಕ್ಕಿಂತ ಮೊದಲು ಇಟ್ಟಿದ್ದೇನೆ.